ಗಾಡಿಯ ಒಡೆಯರು ಬಂದು ಸಹಿ ಹಾಕಬೇಕು

ಬಸ್ ಡಿಪೋದಲ್ಲಿ ಚಾಲಕರಿಗೆ ಡ್ಯೂಟಿ ಹಾಕುವುದು ನನ್ನ ಉದ್ಯೋಗವಾಗಿತ್ತು. ಯಾರ ಲೈಸನ್ಸ್ ಯಾವಾಗ ಮುಗಿಯುತ್ತದೆ, ಯಾರು ಯಾವ ಮಾರ್ಗಕ್ಕೆ ಹೊರಡಬೇಕು, ಹೊಸಬ ಯಾರ ಪಕ್ಕ ಕೂತು ದಾರಿ ಕಲಿಯಬೇಕು, ಇವೆಲ್ಲ ನನ್ನ ಮೇಜಿನ ಮೇಲೆಯೇ ತೀರ್ಮಾನವಾಗುತ್ತಿದ್ದವು. ನಿವೃತ್ತನಾದ ಮೇಲೂ ಬೆಳಗಿನ ಜಾವಕ್ಕೇ ಎದ್ದು, ಗಡ್ಡ ಕೆರೆದು, ಇಸ್ತ್ರಿ ಅಂಗಿ ಹಾಕಿ, ಮಾಡಲು ಏನೂ ಇಲ್ಲದೆ ಮಧುಗಿರಿಯ ಮನೆಯ ಜಗುಲಿಯ ಮೇಲೆ ಕೂರುತ್ತಿದ್ದೆ. ಹಾಗಾಗಿ ತಂಗಿಯ ಮಗಳು, ವರಸೆಯಲ್ಲಿ ನನಗೆ ಸೊಸೆ, ಒಂದು ಭಾನುವಾರ ಮೊಬೈಲ್ ಹಿಡಿದು ಬಂದು, "ಮಾವ, ಇದ್ರಲ್ಲಿ ಕನ್ನಡ ಒಸಿ ಸರಿ ಮಾಡ್ಕೊಡಿ" ಎಂದಾಗ ನನಗೆ ಡ್ಯೂಟಿ ಸಿಕ್ಕಷ್ಟೇ ಸಂತೋಷವಾಯಿತು.

ಅವಳದು ಗುತ್ತಿಗೆಯ ಕೆಲಸ. ಶಿರಾದ ಹೆದ್ದಾರಿ ಪಕ್ಕದಲ್ಲಿ ಒಂದು ದೊಡ್ಡ ಪಾರ್ಸಲ್ ಗೋದಾಮಿದೆ. ಜನ ಮೊಬೈಲಿನಲ್ಲಿ ಕೊಂಡ ಸೀರೆ, ಚಪ್ಪಲಿ, ಮಿಕ್ಸಿ ಎಲ್ಲ ಅಲ್ಲಿಗೆ ಬಂದು, ಅಲ್ಲಿಂದ ವ್ಯಾನಿನಲ್ಲಿ ಊರೂರಿಗೆ ಹೋಗುತ್ತವೆ. ಆ ಊರುಗಳಲ್ಲಿ ಮನೆಮನೆಗೆ ಹಂಚಲು ಸ್ವಂತ ಗಾಡಿ ಇರುವ ಜನರನ್ನು ಹುಡುಕಿ, ದಾಖಲೆ ನೋಡಿ, ಸೇರಿಸಿ, ನಿಭಾಯಿಸುವುದು ಇವಳ ಪಾಲಿನದು. ಮಧುಗಿರಿ ಮತ್ತು ಕೊರಟಗೆರೆ ಆಗಲೇ ಅವಳ ಕೈಯಲ್ಲಿದ್ದವು. ಈಗ ಪಾವಗಡವನ್ನೂ ಕೊಡುತ್ತೇವೆ ಎಂದು ಗೋದಾಮಿನ ಮ್ಯಾನೇಜರ್ ಹೇಳಿದ್ದರು. ಆದರೆ ಶನಿವಾರ ಸಂಜೆಯೊಳಗೆ ಐದು ಜನರ ಪೂರ್ತಿ ದಾಖಲೆ ಅವರಿಗೆ ಸೇರಬೇಕು. ಸೇರದಿದ್ದರೆ ಮಾರ್ಗ ಇನ್ನೊಬ್ಬ ಗುತ್ತಿಗೆದಾರನ ಪಾಲು. ಅವಳು ಪಾವಗಡದಲ್ಲಿ ಆಗಲೇ ಒಂದು ಮಳಿಗೆಗೆ ಮುಂಗಡ ಕೊಟ್ಟು ಶಟರ್‌ಗೆ ಬಣ್ಣ ಬೇರೆ ಹೊಡೆಸಿಬಿಟ್ಟಿದ್ದಳು.

ಮೊಬೈಲಿನಲ್ಲಿ ಅವಳು ಬರೆದದ್ದನ್ನು ಓದಿದೆ. "ಕೈತುಂಬ ಸಂಪಾದನೆ! ನಿಮ್ಮ ಸಮಯ, ನಿಮ್ಮ ಇಷ್ಟ! ಇಂದೇ ಸೇರಿ, ನಾಳೆಯಿಂದ ಗಳಿಸಿ!" ಕೆಳಗೆ ನೋಟಿನ ಕಂತೆಯ ಚಿತ್ರಗಳು.

"ಕನ್ನಡ ಸರಿಯಾಗಿಯೇ ಇದೆ," ಎಂದೆ. "ಸುಳ್ಳು ಮಾತ್ರ ಜಾಸ್ತಿ."

"ಎಲ್ರೂ ಇಂಗೇ ಹಾಕೋದು ಮಾವ."

"ಕೊರಟಗೆರೆಗೂ ಹೀಗೇ ಹಾಕಿದ್ದೆಯಾ?"

ಕೊರಟಗೆರೆಯ ಕಥೆ ನನಗೆ ಗೊತ್ತಿತ್ತು. ಮೊದಲು ಸೇರಿದ ಹುಡುಗರಲ್ಲಿ ಹೆಚ್ಚಿನವರು ಹದಿನೈದು ದಿನವೂ ನಿಲ್ಲಲಿಲ್ಲ. ಪೆಟ್ರೋಲ್ ತಮ್ಮದೇ ಎಂದು ಒಬ್ಬನಿಗೆ ಗೊತ್ತಿರಲಿಲ್ಲ, ವಾಪಸ್ ಬಂದ ಪಾರ್ಸಲಿಗೆ ದುಡ್ಡಿಲ್ಲ ಎಂದು ಇನ್ನೊಬ್ಬನಿಗೆ ಗೊತ್ತಿರಲಿಲ್ಲ. ಅವರು ಬಿಟ್ಟುಹೋದ ವಾರ ನನ್ನ ಸೊಸೆ ತಾನೇ ಸ್ಕೂಟರ್ ಮೇಲೆ ಪಾರ್ಸಲ್ ಹೇರಿಕೊಂಡು ಓಡಾಡಿದ್ದಳು. ಮ್ಯಾನೇಜರ್ ಬೈದಿದ್ದರು. ಡಿಪೋದಲ್ಲಿ ನಾವು ಹೊಸ ಚಾಲಕನಿಗೆ ಮೊದಲು ಹೇಳುತ್ತಿದ್ದದ್ದೇ ಮಾರ್ಗದ ಕಷ್ಟ. ಎಲ್ಲಿ ರಸ್ತೆ ಕೆಟ್ಟಿದೆ, ಎಲ್ಲಿ ಊಟ ಸಿಗುವುದಿಲ್ಲ ಎಂದು. ಸುಖ ಅವನೇ ಹುಡುಕಿಕೊಳ್ಳುತ್ತಾನೆ.

"ಕೂತ್ಕೋ," ಎಂದೆ. "ನಾನು ಕೇಳ್ತೀನಿ, ನೀನು ಹೇಳು. ಬರೆಯೋದು ನಾನು."

ಮಧ್ಯಾಹ್ನದ ಊಟದ ತನಕ ಕೂತು ಬರೆದೆವು. ಮೊದಲನೆಯದಾಗಿ, ಇದು ಸಂಬಳದ ಕೆಲಸವಲ್ಲ, ತಲುಪಿಸಿದ ಪಾರ್ಸಲಿಗೆ ತಲಾ ಇಷ್ಟು ಎಂದು ಕೊಡುವ ಕೆಲಸ. ಮನೆ ಬೀಗ ಹಾಕಿದ್ದರೆ, ಗಿರಾಕಿ ಬೇಡ ಎಂದರೆ ಆ ಪಾರ್ಸಲಿಗೆ ಹಣವಿಲ್ಲ. ಪೆಟ್ರೋಲು, ಟೈರು, ರಿಪೇರಿ ನಿಮ್ಮದೇ. ಹಬ್ಬದ ದಿನಗಳಲ್ಲಿ ಪಾರ್ಸಲ್ ಹೆಚ್ಚು, ಉಳಿದಾಗ ಕಡಿಮೆ. ಮಧುಗಿರಿಯಲ್ಲಿ ಈಗ ತಪ್ಪದೆ ಕೆಲಸಕ್ಕೆ ಬರುವವರಿಗೆ ಖರ್ಚು ಕಳೆದು ತಿಂಗಳಿಗೆ ಹನ್ನೆರಡರಿಂದ ಹದಿನೈದು ಸಾವಿರ ಉಳಿಯುತ್ತಿದೆ. ಪಾವಗಡ ಹೊಸ ಮಾರ್ಗವಾದ್ದರಿಂದ ಮೊದಲು ಇದಕ್ಕಿಂತ ಕಡಿಮೆಯೂ ಆಗಬಹುದು. ಹಣ ವಾರಕ್ಕೊಮ್ಮೆ ಬ್ಯಾಂಕ್ ಖಾತೆಗೆ ಬರುತ್ತದೆ. ಗಿರಾಕಿಗಳಿಂದ ಪಡೆದ ನಗದನ್ನು ಅದೇ ದಿನ ಸಂಜೆ ಮಳಿಗೆಯಲ್ಲಿ ಕಟ್ಟಬೇಕು, ಕಡಿಮೆ ಬಿದ್ದರೆ ನಿಮ್ಮ ಲೆಕ್ಕಕ್ಕೆ.

ಆಮೇಲೆ ದಾಖಲೆಗಳು. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಚಾಲ್ತಿಯಲ್ಲಿರುವ ಲೈಸನ್ಸ್. ಕಲಿಯುವವರಿಗೆ ಕೊಡುವ ಎಲ್‌ಎಲ್‌ಆರ್ ನಡೆಯುವುದಿಲ್ಲ. ಗಾಡಿಯ ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆಯ ಚೀಟಿ. ಪೊಲೀಸ್ ಪರಿಶೀಲನೆಗೆ ಅರ್ಜಿ ಹಾಕಿದ ರಸೀದಿ. ಗಾಡಿ ಬೇರೆಯವರ ಹೆಸರಿನಲ್ಲಿದ್ದರೆ ಆ ಒಡೆಯರು ಖುದ್ದಾಗಿ ಬಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು.

ಕೊನೆಗೆ ಸೇರುವ ಕ್ರಮ. ಅಸಲು ದಾಖಲೆ ತಂದು ತೋರಿಸಿ. ಪರಿಶೀಲನೆ ಆಗಿ ಮೊಬೈಲ್ ಆ್ಯಪಿನಲ್ಲಿ ನಿಮ್ಮ ಐಡಿ ತಯಾರಾಗಲು ಕೆಲವು ದಿನ ಹಿಡಿಯುತ್ತದೆ. ನಂತರ ಅನುಭವಸ್ಥರ ಜೊತೆ ಓಡಾಡಿ ಕೆಲಸ ನೋಡಿ, ಆಮೇಲೆ ಸ್ವತಂತ್ರವಾಗಿ ಆರಂಭಿಸಿ. ಡ್ಯೂಟಿಯ ವೇಳೆಯಲ್ಲಿ ಸವಾರರಿಗೆ ಅಪಘಾತ ವಿಮೆ ಇದೆ. ಅದು ಗಾಡಿಗೆ ಅನ್ವಯಿಸುವುದಿಲ್ಲ. ಸೇರಲು ಯಾವ ಹಂತದಲ್ಲೂ ನಮಗಾಗಲಿ ಬೇರೆ ಯಾರಿಗಾಗಲಿ ಹಣ ಕೊಡಬೇಡಿ.

ಸೊಸೆ ಪೂರ್ತಿ ಓದಿ ಮೊಬೈಲನ್ನು ಮಡಿಲಲ್ಲಿ ಇಟ್ಟುಕೊಂಡಳು. "ಮಾವ, ನೀವು ಜನ ಕರೀತಿದ್ದೀರೋ, ಓಡಿಸ್ತಿದ್ದೀರೋ?"

"ಓಡುವವರು ಈಗಲೇ ಓಡಲಿ. ಪಾರ್ಸಲ್ ಹೊತ್ತುಕೊಂಡು ಓಡುವುದು ಬೇಡ."

ನೋಟಿನ ಕಂತೆಗಳನ್ನು ತೆಗೆಸಿದೆ. ಒಂದು ಗಾಡಿಯ ಚಿತ್ರವಾದರೂ ಇರಲಿ ಎಂದು ಹಟ ಹಿಡಿದಳು, ಒಪ್ಪಿದೆ. ಆವತ್ತೇ ಸಂಜೆ ಅದು ಪಾವಗಡದ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಿಗೆಲ್ಲ ಹೋಯಿತು.

ಮಾರನೆಯ ದಿನ ಅದೇ ಗುಂಪುಗಳಿಗೆ ಇನ್ನೊಬ್ಬ ಗುತ್ತಿಗೆದಾರನ ಪೋಸ್ಟೂ ಬಂತು. ತಿಂಗಳಿಗೆ ನಲವತ್ತು ಸಾವಿರ ಗ್ಯಾರಂಟಿ, ದಾಖಲೆಯ ತಲೆನೋವಿಲ್ಲ. ನಮ್ಮದರ ಕೆಳಗೆ ಜನ ಬರೆಯತೊಡಗಿದರು. "ಇಷ್ಟೇನಾ ಗುರು?" ಎಂದು ಒಬ್ಬ. "ಇದು ಕೆಲ್ಸದ ಜಾಹೀರಾತೋ, ಆರ್‌ಟಿಓ ನೋಟಿಸೋ?" ಎಂದು ಇನ್ನೊಬ್ಬ. ಮತ್ತೊಬ್ಬ ಬರೀ ಓಡುತ್ತಿರುವ ಮನುಷ್ಯನ ಚಿತ್ರ ಹಾಕಿದ್ದ. ಸೊಸೆ ಅದನ್ನೆಲ್ಲ ನನಗೆ ತಪ್ಪದೆ ತೋರಿಸುತ್ತಿದ್ದಳು. ಬುಧವಾರದ ತನಕ ಒಂದೇ ಒಂದು ಫೋನ್ ಬರಲಿಲ್ಲ. ನಾನು ಧೈರ್ಯ ಹೇಳುತ್ತಲೇ ಇದ್ದೆ, ಆದರೆ ಒಳಗೊಳಗೇ ನನಗೂ ಪುಕುಪುಕು. ಮಾರ್ಗ ಕೈತಪ್ಪಿದರೆ ಮುಂಗಡ ಕೊಟ್ಟವಳು ಅವಳು, ಬುದ್ಧಿ ಹೇಳಿದವನು ನಾನು.

ಗುರುವಾರ ಫೋನುಗಳು ಶುರುವಾದವು. ವಿಚಿತ್ರವೆಂದರೆ ಮಾತಾಡುತ್ತಿದ್ದವರು ಕೆಲಸಕ್ಕೆ ಸೇರುವವರಲ್ಲ. ಅವರ ಅಣ್ಣಂದಿರು, ಅಪ್ಪಂದಿರು, ಹೆಂಡಿರು. "ನನ್ ಹೆಸ್ರಲ್ಲಿ ಗಾಡಿ ಐತೆ, ನಾನ್ಯಾಕೆ ಬರ್ಬೇಕು?" "ಸಹಿ ಹಾಕುದ್ರೆ ನನ್ ಮೇಲೆ ಕೇಸೇನಾದ್ರೂ ಬತ್ತದಾ?" ನಮ್ಮ ಕಡೆ ಗಾಡಿ ಓಡಿಸುವವನೊಬ್ಬ, ಹೆಸರಿನಲ್ಲಿರುವವನೊಬ್ಬ ಎಂಬುದು ಮಾಮೂಲು. ಅಣ್ಣ ಸಾಲದಲ್ಲಿ ಕೊಂಡದ್ದನ್ನು ತಮ್ಮ ಓಡಿಸುತ್ತಾನೆ, ಮದುವೆಯಲ್ಲಿ ಮಾವ ಕೊಟ್ಟದ್ದನ್ನು ಅಳಿಯ ಓಡಿಸುತ್ತಾನೆ. ನಾನು ಬರೆದ ಆ ಒಂದು ಸಾಲು ಮನೆಮನೆಯಲ್ಲಿ ಪಂಚಾಯಿತಿ ಸೇರಿಸಿಬಿಟ್ಟಿತ್ತು. ಶುಕ್ರವಾರ ಪಾವಗಡದ ಮಳಿಗೆಗೆ ಎಲ್ಲರೂ ಬನ್ನಿ ಎಂದು ಸೊಸೆ ಹೇಳಿದಳು.

ಮೊದಲ ಬಸ್ಸಿಗೆ ಇಬ್ಬರೂ ಹೋದೆವು. ಶಟರ್ ಎತ್ತುವಷ್ಟರಲ್ಲಿ ಬಾಗಿಲಲ್ಲಿ ಜನ. ಎರಡು ಬೆಂಚುಗಳ ಮೇಲೆ ಹಿರಿಯರು ಕೂತರು, ಕೆಲಸಕ್ಕೆ ಬಂದ ಹುಡುಗರು ಗೋಡೆಗೆ ಒರಗಿ ನೆಲ ನೋಡುತ್ತ ನಿಂತರು. ಸೊಸೆ ನನ್ನ ಕಿವಿಯಲ್ಲಿ, "ಮಾವ, ಇದೇನು ಕೆಲ್ಸಕ್ಕೆ ಸೇರ್ಸೋದಾ, ಗಂಡು ನೋಡೋ ಶಾಸ್ತ್ರನಾ?" ಎಂದಳು. ಟೀ ತರಿಸಿದ ಮೇಲಂತೂ ಥೇಟ್ ಹಾಗೆಯೇ ಆಯಿತು.

ನಾನು ಪೋಸ್ಟನ್ನು ಗಟ್ಟಿಯಾಗಿ ಓದಿದೆ, ಡಿಪೋದಲ್ಲಿ ಸುತ್ತೋಲೆ ಓದುತ್ತಿದ್ದ ಹಾಗೆ. ಒಂದೊಂದು ಸಾಲಿಗೂ ಪ್ರಶ್ನೆ ಬಂತು. ಸೊಸೆ ಒಂದಕ್ಕೂ ತಡವರಿಸಲಿಲ್ಲ. ಎಲ್ಲವನ್ನೂ ಮೊದಲೇ ಹೇಳಿಬಿಟ್ಟಿದ್ದರಿಂದ ಮುಚ್ಚಿಡುವಂಥದ್ದೇನೂ ಉಳಿದಿರಲಿಲ್ಲ. ಒಬ್ಬ ಅಣ್ಣ, ಟೈರಿನ ಖರ್ಚು ನೀನೇ ಹಾಕುವುದಾದರೆ ಮಾತ್ರ ಸಹಿ ಎಂದು ತಮ್ಮನಿಂದ ಅಲ್ಲೇ ಮಾತು ತೆಗೆದುಕೊಂಡ. ಒಬ್ಬ ತಂದೆ ಸಹಿ ಹಾಕದೆ ಮಗನನ್ನು ಕರೆದುಕೊಂಡು ಎದ್ದು ಹೋದರು. ಸಂಜೆಯ ಹೊತ್ತಿಗೆ ನಾಲ್ವರ ದಾಖಲೆ ಕೈಸೇರಿತು. ಇನ್ನೊಬ್ಬರು ಬೇಕು.

ಆ ಇನ್ನೊಬ್ಬ ಬರುತ್ತೇನೆಂದು ಫೋನಿನಲ್ಲಿ ಹೇಳಿದ್ದ. ಪಾವಗಡದವನೇ. ಬಾಗಿಲು ಹಾಕುವ ಹೊತ್ತಿಗೆ ಬಂದ. ನೀಲಿ ಸ್ಕೂಟರಿನ ಹಿಂದೆ ಹೆಂಡತಿ. ಅವರ ಹಿಂದೆಯೇ ಆಟೋ ಒಂದರಿಂದ ಟವೆಲ್ ಕೊಡವುತ್ತ ಹಿರಿಯರೊಬ್ಬರು ಇಳಿದರು. ನಿಡುಗಲ್ ಕಡೆಯ ರೈತರು, ಆ ಹೆಣ್ಣುಮಗಳ ತಂದೆ. ಯಾರೋ ಪೋಸ್ಟನ್ನು ಅವರಿಗೆ ಓದಿ ಹೇಳಿದ್ದರಂತೆ.

"ಏಮಮ್ಮಾ, ನೀನೇನಾ ಓನರ್ರು?" ಎಂದು ಆ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ ಸೊಸೆಯನ್ನು ಕೇಳಿದರು. "ನನ್ ಬಿಡ್ಡ, ನನ್ ಮಗ್ಳು, ಕಾಲ್ನಡೀಗೇಲಿ ಓಡಾಡ್ಬಾರ್ದು ಅಂತ ಶೇಂಗಾ ಮಾರಿ ಗಾಡಿ ಕೊಡ್ಸಿದ್ದು ನಾನು. ಈ ಅಲ್ಲುಡು ಅದರ ಮ್ಯಾಲೆ ಮೂಟೆ ಹೇರ್ತಾನಂತೆ?"

"ಮೂಟೆ ಅಲ್ಲ ಮಾವಾ, ಬ್ಯಾಗು," ಎಂದ ಅಳಿಯ, ಮೆಲ್ಲಗೆ.

"ಬ್ಯಾಗಂತೆ! ಅದ್ರೊಳಗೆ ಏನ್ ಗಾಳಿ ತುಂಬಿರ್ತಾರಾ?"

ಹುಡುಗ ಒಳ್ಳೆಯವನೇ. ಕೆಲಸ ಮಾಡುತ್ತಿದ್ದ ಮೊಬೈಲ್ ಅಂಗಡಿ ಮುಚ್ಚಿದ ಮೇಲೆ ಅಲ್ಲಿ ಇಲ್ಲಿ ದುಡಿಯುತ್ತಿದ್ದ. ಸೊಸೆ ಸಮಾಧಾನದಿಂದ ಹಿರಿಯರನ್ನು ಕೂರಿಸಿ, "ಗಾಡಿ ಸವೀತದೆ ಯಜಮಾನ್ರೇ, ಇಲ್ಲ ಅನ್ನಲ್ಲ. ಟೈರು, ರಿಪೇರಿ ನಿಮ್ದೇ ಅಂತ ಹಾಕಿದೀವಿ ನೋಡಿ," ಎಂದಳು.

"ಅದೇ ನೋಡಮ್ಮಾ ನಾನ್ ಬಂದಿದ್ದು," ಎಂದರು ಅವರು. "ನಲ್ವತ್ತು ಸಾವ್ರ ಕೊಡ್ತೀವಿ ಅನ್ನೋನ ಹತ್ರ ನಾನ್ ಹೋಗ್ತಾನೇ ಇರ್ಲಿಲ್ಲ. ನಮ್ ಹೊಲ್ದಾಗೆ ಬೋರ್‌ವೆಲ್ ಪಾಯಿಂಟ್ ನೋಡೋಕೆ ಬಂದೋನೂ ಹಂಗೇ ಅಂದಿದ್ದ, ನಾಕಿಂಚು ನೀರು ಗ್ಯಾರಂಟಿ ಅಂತ. ಇನ್ನೂ ಧೂಳೇ ಬರ್ತೈತೆ. ನೀನು ಇದ್ದದ್ದು ಇದ್ದಂಗೆ ಹಾಕಿದ್ಯಲ್ಲ, ಅದ್ಕೇ ಜಗಳ ಆಡೋಕಾದ್ರೂ ಬರಾಣ ಅನ್ಸ್ತು."

ನಾನು ನಗು ತಡೆದುಕೊಂಡು ದಾಖಲೆ ಕೇಳಿದೆ. ಆರ್‌ಸಿ ಮಗಳ ಹೆಸರಿನಲ್ಲಿತ್ತು. ಇನ್ಶೂರೆನ್ಸ್ ಚಾಲ್ತಿಯಲ್ಲಿತ್ತು, ಹೊಗೆ ಚೀಟಿ ಹೊಸದು. ಆಧಾರ್, ಪ್ಯಾನ್, ಪಾಸ್‌ಬುಕ್ ಎಲ್ಲ ಇದ್ದವು. ಪೊಲೀಸ್ ಅರ್ಜಿ ಹಾಕಿ ರಸೀದಿಯನ್ನೂ ತಂದಿದ್ದ. ಕೊನೆಗೆ ಲೈಸನ್ಸ್ ಎಂದೆ. ಹುಡುಗ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟ ಹಾಳೆಯೊಂದನ್ನು ತೆಗೆದ.

"ಇದು ಎಲ್‌ಎಲ್‌ಆರ್," ಎಂದೆ. "ಅದೂ ಅವಧಿ ಮುಗಿದು ಎಷ್ಟೋ ಕಾಲವಾಗಿದೆ."

"ಗಾಡಿ ಓಡ್ಸೋಕೆ ಚೆನ್ನಾಗಿ ಬತ್ತದೆ ಸಾರ್. ಟೆಸ್ಟಿಗೆ ಹೋಗೋಕೆ ಟೈಮೇ ಆಗ್ಲಿಲ್ಲ."

"ಟೆಸ್ಟಿಗೆ ಹೋಗೋಕೆ ಟೈಮಾಗದೆ ಇಷ್ಟು ವರ್ಷ ನನ್ನನ್ನ ಹಿಂದೆ ಕೂರಿಸ್ಕೊಂಡು ಓಡಾಡ್ದೆ ನೋಡು," ಎಂದಳು ಹೆಂಡತಿ.

ಎಲ್‌ಎಲ್‌ಆರ್ ನಡೆಯುವುದಿಲ್ಲ ಎಂದು ಪೋಸ್ಟಿನಲ್ಲಿ ಸ್ಪಷ್ಟವಾಗಿಯೇ ಇತ್ತು. ಅವನು ಓದಿದ್ದ. ಆದರೆ ಎದುರು ಬಂದು ನಿಂತರೆ ಏನಾದರೂ ಒಂದು ದಾರಿ ಆಗುತ್ತದೆ ಎಂದು ನಮ್ಮ ಜನಕ್ಕೆಲ್ಲ ಇರುವ ನಂಬಿಕೆ ಅವನಿಗೂ ಇತ್ತು. ಡಿಪೋದಲ್ಲಿ ನನ್ನ ಮೇಜಿನ ಮುಂದೆ ಹೀಗೆ ನಿಂತವರ ಮುಖಗಳು ನೆನಪಾದವು. ಸೊಸೆ ನನ್ನನ್ನು ನೋಡಿದಳು. ಒಂದು ಹಾಳೆ, ಒಂದು ಮಾರ್ಗ. ಹೊಸ ಎಲ್‌ಎಲ್‌ಆರ್ ಮಾಡಿಸಿ, ಕಾದು, ಟೆಸ್ಟ್ ಕೊಟ್ಟು ಲೈಸನ್ಸ್ ಬರುವಷ್ಟರಲ್ಲಿ ಪಾವಗಡ ಇನ್ನೊಬ್ಬರ ಪಾಲಾಗಿರುತ್ತದೆ. ನಾನು ಬೇಡವೆಂದು ತಲೆಯಾಡಿಸಿದೆ. ಅವಳೂ ತಲೆಯಾಡಿಸಿದಳು.

"ಆಗಲ್ಲ ಕಣಪ್ಪ," ಎಂದಳು. "ಲೈಸನ್ಸ್ ಮಾಡಿಸ್ಕೊಂಡು ಬಾ, ಜಾಗ ಇದ್ರೆ ತಕ್ಕೋತೀನಿ. ಈಗ ಆಗಲ್ಲ."

ಹಿರಿಯರು ಗೆದ್ದವರಂತೆ ಟವೆಲನ್ನು ಹೆಗಲಿಗೆ ಹಾಕಿಕೊಂಡು ಎದ್ದರು. ಆದರೆ ಮಗಳು ಏಳಲಿಲ್ಲ. ಮೊಬೈಲಿನಲ್ಲಿ ಪೋಸ್ಟನ್ನು ಮೇಲಿಂದ ಕೆಳಗೆ ಮತ್ತೊಮ್ಮೆ ಓದುತ್ತಿದ್ದಳು.

"ಮೇಡಂ, ಇದ್ರಲ್ಲಿ ಗಂಡಸ್ರೇ ಬರ್ಬೇಕು ಅಂತ ಎಲ್ಲೂ ಇಲ್ವಲ್ಲ?"

ನಾನು ಪೋಸ್ಟನ್ನು ಮನಸ್ಸಿನಲ್ಲೇ ಸಾಲು ಸಾಲಾಗಿ ನೆನೆದೆ. ನಿಜ, ಎಲ್ಲೂ ಇರಲಿಲ್ಲ. ನಾನು ಉದ್ದೇಶಪಟ್ಟು ಬಿಟ್ಟದ್ದೂ ಅಲ್ಲ, ಹಾಕಬೇಕು ಎಂದು ತೋಚಲೂ ಇರಲಿಲ್ಲ.

"ಇಲ್ಲ," ಎಂದಳು ಸೊಸೆ. "ನಾನೇ ಕೊರಟಗೆರೇಲಿ ಹಂಚಿದೀನಿ. ನಿಮ್ಮತ್ರ ಲೈಸನ್ಸ್ ಐತಾ?"

ಅವಳು ಪರ್ಸಿನಿಂದ ಕಾರ್ಡ್ ತೆಗೆದು ನನ್ನ ಕೈಗೆ ಕೊಟ್ಟಳು. ಗೇರ್ ಇಲ್ಲದ ಗಾಡಿಯ ಲೈಸನ್ಸ್, ಸ್ಕೂಟರಿಗೆ ಸರಿಯಾದದ್ದೇ. ಕಾಲೇಜಿನಲ್ಲಿದ್ದಾಗ ಮಾಡಿಸಿದ್ದು, ಅವಧಿ ಇನ್ನೂ ಬೇಕಾದಷ್ಟಿತ್ತು. ಗಾಡಿ ಅವಳದು, ಲೈಸನ್ಸ್ ಅವಳದು. ಅದುವರೆಗೆ ಅವಳು ಹಿಂದಿನ ಸೀಟಿನ ಸವಾರಿ.

"ಏಯ್, ನೀನು ಹೋಗ್ತೀಯಾ? ಪಾಪು?" ಎಂದ ಗಂಡ.

"ಪಾಪು ಅಂಗನವಾಡೀಲಿ ಇರ್ತದೆ, ಆಮೇಲೆ ನಿಮ್ಮಮ್ಮ ಇರ್ತಾರೆ, ನೀನೂ ಇರ್ತೀಯ. ಏನ್ ಊರು ಬಿಟ್ಟು ಹೋಗ್ತೀಯಾ ನೀನು?"

ಹಿರಿಯರು ಮತ್ತೆ ಕೂತರು. ಟವೆಲ್ ಹೆಗಲಿಂದ ಇಳಿಯಿತು. "ನೀನಾ? ಈ ಬಿಸಿಲಾಗೆ?"

"ಅಪ್ಪಾ, ಕಳೇ ಕೀಳೋಕೆ ಕರೀತೀಯಲ್ಲ, ಅವಾಗ ಬಿಸ್ಲು ಇರಲ್ವಾ?"

"ಜನ ಏನಂತಾರೆ?"

"ನಿನ್ನ ಗಾಡಿನ ಅಳಿಯ ಸವೆಸ್ತಾನೆ ಅಂತ ತಾನೇ ಜಗ್ಳಕ್ಕೆ ಬಂದಿದ್ದು. ನಾನೇ ಸವೆಸ್ತೀನಿ ಬುಡು."

ಗೋಡೆಗೆ ಒರಗಿದ್ದ ಗಂಡ ಕಿಸಕ್ಕನೆ ನಕ್ಕುಬಿಟ್ಟ. ಹಿರಿಯರು ಅವನ ಕಡೆ ಕೆಕ್ಕರಿಸಿ ನೋಡಿದರು, ಆಮೇಲೆ ಅವರಿಗೇ ತಡೆಯಲಾಗಲಿಲ್ಲ. "ನಿನ್ ಪೆಂಡ್ಲಾಮೇ ಸರಿ ಕಣಯ್ಯ," ಎಂದರು ಅಳಿಯನಿಗೆ. ಪೆಂಡ್ಲಾಂ ಎಂದರೆ ಹೆಂಡತಿ, ಆ ಕಡೆಯ ತೆಲುಗಿನಲ್ಲಿ. "ನೀನು ಆ ಹಾಳೆ ಮಡ್ಚಿ ಮಡ್ಚಿ ಜೇಬ್ನಲ್ಲಿ ಇಕ್ಕೋ."

ಆ ಹೆಣ್ಣುಮಗಳು ಬಾಯಲ್ಲಿ ಹೇಳಿದಷ್ಟು ಸುಲಭಕ್ಕೆ ಸೊಸೆ ಒಪ್ಪಲಿಲ್ಲ. ಮಳೆ, ಬಿಸಿಲು, ಗಿರಾಕಿಗಳ ಗೊಣಗಾಟ, ಪಾರ್ಸಲ್ ಇಟ್ಟುಕೊಂಡು ಚಿಲ್ಲರೆಗೆ ಕಾಯಿಸುವವರು, ಎಲ್ಲವನ್ನೂ ಹೇಳಿದಳು. ಮೊದಲು ಊರೊಳಗಿನ ಬೀದಿಗಳನ್ನೇ ಕೊಡುತ್ತೇನೆ, ಹಳ್ಳಿಯ ಕಡೆ ಬೇಕಾದರೆ ಆಮೇಲೆ ನೋಡೋಣ ಎಂದಳು. ತಿಂಗಳಿಗೆ ಎಷ್ಟು ಬರಬಹುದು ಎಂದು ಆ ಹೆಣ್ಣುಮಗಳು ಕೇಳಿದಾಗ, "ಪೋಸ್ಟಿನಲ್ಲಿ ಇರೋಷ್ಟು ಮೊದಲ್ನೇ ತಿಂಗಳು ಬರಲ್ಲ," ಎಂದಳು. ನನಗೆ ಆಗ ಸೊಸೆಯ ಮೇಲೆ ಎಷ್ಟು ಅಭಿಮಾನ ಬಂತೆಂದರೆ, ಡಿಪೋದಲ್ಲಾಗಿದ್ದರೆ ಎದ್ದು ನಿಂತು ಬೆನ್ನು ತಟ್ಟಿಬಿಡುತ್ತಿದ್ದೆ. ಬೇಕಾಗಿದ್ದ ಐದನೆಯ ಹೆಸರು ಎದುರು ಕೂತಿರುವಾಗ ಹಾಗೆ ಹೇಳುವುದು ಸುಮ್ಮನೆ ಬರುವ ಗುಣವಲ್ಲ.

"ಪರ್ವಾಗಿಲ್ಲ ಮೇಡಂ," ಎಂದಳು ಆ ಹೆಣ್ಣುಮಗಳು. "ಬರಾಕಿಲ್ಲ ಅಂತ ಗೊತ್ತಾದ್ರೆ ಅದಕ್ಕೆ ತಕ್ಕಂಗೆ ಇರ್ಬೋದು."

ಅವಳ ಪ್ಯಾನ್ ಕಾರ್ಡ್ ತವರಿನಲ್ಲಿತ್ತು. ಪೊಲೀಸ್ ಅರ್ಜಿಯನ್ನು ಅವಳ ಹೆಸರಿನಲ್ಲಿ ಹೊಸದಾಗಿ ಹಾಕಬೇಕಿತ್ತು. ಒಪ್ಪಿಗೆ ಪತ್ರ ಮಾತ್ರ ಬೇಕಾಗಲಿಲ್ಲ. ಹಿರಿಯರು ಅದೇ ಆಟೋದಲ್ಲಿ ನಿಡುಗಲ್ ಕಡೆ ಹೊರಟರು. ಶನಿವಾರ ಬೆಳಿಗ್ಗೆ ನಾವು ಶಟರ್ ತೆಗೆಯುವ ಮುಂಚೆಯೇ ಕಾರ್ಡನ್ನು ಟವೆಲಿನಲ್ಲಿ ಸುತ್ತಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ಅರ್ಜಿಯ ರಸೀದಿಗಾಗಿ ಗಂಡ ಕಂಪ್ಯೂಟರ್ ಅಂಗಡಿಯ ಮುಂದೆ ಸರದಿ ನಿಂತ. ಮಧ್ಯಾಹ್ನಕ್ಕೆ ಐದೂ ಜನರ ದಾಖಲೆ ಶಿರಾಕ್ಕೆ ಹೋಯಿತು.

ಸಂಜೆ ಮ್ಯಾನೇಜರ್ ಫೋನ್ ಮಾಡಿದರು. ಸೊಸೆ ಸ್ಪೀಕರ್ ಹಾಕಿದಳು. "ಅರೇ ಮೇಡಂ, ಪೇಪರ್ ಎಲ್ಲಾ ಬರಾಬರ್ ಇದೆ. ಒಂದೂ ವಾಪಸ್ ಕಳ್ಸಂಗಿಲ್ಲ. ಆ ಇನ್ನೊಬ್ರು ಹನ್ನೆರಡು ಜನ ಕಳ್ಸಿದ್ರು, ಅದ್ರಲ್ಲಿ ಲೈಸನ್ಸ್ ಇರೋರು ನಾಲ್ಕೇ ಜನ. ಪಾವಗಡ ನಿಮ್ದೇ." ಸ್ವಲ್ಪ ತಡೆದು, "ಆದ್ರೆ ಮೇಡಂ, ಆ ಪೋಸ್ಟ್ ಯಾರ್ ಬರ್ದಿದ್ದು? ಓದೋಕೆ ಅರ್ಧ ಟೀ ಬೇಕು," ಎಂದರು.

"ನಮ್ ಮಾವ," ಎಂದಳು ಸೊಸೆ. "ಪೂರ್ತಿ ಟೀ ಕುಡೀಬೇಕು ಅಂತಾರೆ ಅವ್ರು."

ಐಡಿಗಳು ಬಂದವು. ಮಧುಗಿರಿಯಿಂದ ಅನುಭವಸ್ಥ ಹುಡುಗನೊಬ್ಬ ಹೋಗಿ ಐವರಿಗೂ ಕೆಲಸ ತೋರಿಸಿದ. ಅವರು ಸ್ವತಂತ್ರವಾಗಿ ಹೊರಟ ಮೊದಲ ದಿನ ನಾನೂ ಪಾವಗಡದ ಮಳಿಗೆಯಲ್ಲೇ ಇದ್ದೆ. ಸಂಜೆ ಒಬ್ಬೊಬ್ಬರಾಗಿ ವಾಪಸಾದರು. ಆ ಹೆಣ್ಣುಮಗಳು ಕೊನೆಯಲ್ಲಿ ಬಂದಳು, ಮುಖ ಕೆಂಪಾಗಿ ಧೂಳು ಮೆತ್ತಿತ್ತು. ಬ್ಯಾಗಿನಿಂದ ತಲುಪಿಸಲಾಗದ ಮೂರು ಪಾರ್ಸಲ್ ತೆಗೆದಿಟ್ಟು, ನಗದು ಕಟ್ಟಿ, ನನ್ನ ಮುಂದೆ ಬಂದು ನಿಂತಳು.

"ಸಾರ್, ಎಲ್ಲಾ ಬರ್ದಿದ್ರಿ ನೀವು. ಪೆಟ್ರೋಲು, ಟೈರು, ಬೀಗ ಹಾಕಿದ್ ಮನೆ. ನಾಯಿ ವಿಷ್ಯ ಯಾಕೆ ಬರೀಲಿಲ್ಲ?"

"ಕಚ್ಚಿತಾ?" ಎಂದೆ ಗಾಬರಿಯಿಂದ.

"ಕಚ್ಚಲಿಲ್ಲ. ಒಂದು ಬೀದಿ ಪೂರ್ತಿ ಓಡಿಸ್ಕೊಂಡು ಬಂತು. ಮನೆಯೋಳು ಬಾಗ್ಲಲ್ಲಿ ನಿಂತು, ಏನೂ ಮಾಡಲ್ಲ ಬನ್ರಿ ಅಂತಾಳೆ. ನಾನ್ ಬರಲ್ಲ ಹೋಗಮ್ಮ, ನೀನೇ ಬಂದು ಓಟಿಪಿ ಹೇಳು ಅಂದೆ. ಬಂದ್ಲು."

ಸೊಸೆ ಬಿದ್ದು ಬಿದ್ದು ನಕ್ಕಳು. ನಾನು ಕನ್ನಡಕ ಹಾಕಿಕೊಂಡು ಮೊಬೈಲ್ ಇಸಿದುಕೊಂಡೆ. ಮುಂದಿನ ಸಲ ಜನ ಬೇಕಾದಾಗ ಹಾಕುವ ಪೋಸ್ಟಿಗೆ ಎರಡು ಸಾಲು ಸೇರಿಸಿದೆ. ಗಂಡಸರು, ಹೆಂಗಸರು ಯಾರು ಬೇಕಾದರೂ ಬರಬಹುದು. ಕೆಲವು ಮನೆಗಳಲ್ಲಿ ನಾಯಿಗಳಿವೆ, ಗೇಟಿನ ಹೊರಗೇ ನಿಂತು ಫೋನ್ ಮಾಡಿ.